ನಿದ್ರೆ ಮಾತ್ರೆ ನಿಲ್ಲಿಸಿದ ರಾತ್ರಿಗಳಲ್ಲಿ ನಿದ್ರೆ ಏಕೆ ಬರುವುದಿಲ್ಲ?

ಪ್ರಶ್ನೆ: ನನಗೆ 47 ವರ್ಷ. ಮನೆಯಲ್ಲಿ ಒಂದು ಸಾವು ಸಂಭವಿಸಿದ ಸಮಯದಲ್ಲಿ ನಿದ್ರೆ ಬಾರದೆ ಒದ್ದಾಡುತ್ತಿದ್ದಾಗ ವೈದ್ಯರು ಜೋಲ್ಪಿಡೆಮ್ 10 ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟರು. ಎರಡು ವರ್ಷಗಳಿಂದ ಪ್ರತಿ ರಾತ್ರಿ ಅದನ್ನು ತೆಗೆದುಕೊಳ್ಳುತ್ತಿದ್ದೇನೆ. ಈಗ ಮನಸ್ಸು ಸರಿಯಾಗಿದೆ ಎನಿಸಿ ಹೋದ ತಿಂಗಳು ಒಮ್ಮೆಲೇ ನಿಲ್ಲಿಸಿದೆ. ಎರಡು ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಮಾತ್ರೆ ಶುರು ಮಾಡುವ ಮೊದಲೂ ಇಷ್ಟು ಕೆಟ್ಟ ರಾತ್ರಿ ಕಂಡಿರಲಿಲ್ಲ. ಮೂರನೇ ರಾತ್ರಿ ಸೋತು ಮಾತ್ರೆ ನುಂಗಿದೆ, ಅರ್ಧ ಗಂಟೆಯಲ್ಲಿ ನಿದ್ರೆ ಬಂತು. ಹಾಗಾದರೆ ನನ್ನ ಕಾಯಿಲೆ ವಾಸಿಯಾಗಿಲ್ಲವೇ? ಜೀವನಪೂರ್ತಿ ಈ ಮಾತ್ರೆ ಬೇಕೇ? ನಿಧಾನವಾಗಿ ಕಡಿಮೆ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಹೇಗಿದ್ದರೂ ಬಿಡುವುದೇ ಆದರೆ ಎರಡು ಮೂರು ರಾತ್ರಿ ಸಹಿಸಿಕೊಂಡು ಒಮ್ಮೆಲೇ ಬಿಟ್ಟರೆ ಏನು ತಪ್ಪು?

ಉತ್ತರ: ಆ ಎರಡು ರಾತ್ರಿಗಳಿಂದ ನಿಮ್ಮ ಮೂಲ ತೊಂದರೆ ಉಳಿದಿದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸಲು ಬರುವುದಿಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ನೀವು ಅವುಗಳನ್ನು ಕಾಯಿಲೆಯ ಸಾಕ್ಷಿ ಎಂದು ಓದಿದ್ದೀರಿ, ಮೂರನೇ ರಾತ್ರಿಯ ನಿದ್ರೆಯನ್ನು ಮಾತ್ರೆಯ ಅಗತ್ಯಕ್ಕೆ ಸಾಕ್ಷಿ ಎಂದು ಓದಿದ್ದೀರಿ. ಎರಡೂ ಓದುಗಳು ಸಹಜವೇ ಆದರೂ ಎರಡೂ ತಪ್ಪು. ನೀವು ಅನುಭವಿಸಿದ ಎಚ್ಚರವನ್ನು ಉಂಟುಮಾಡಿದ್ದು ಬಹುಮಟ್ಟಿಗೆ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದ ಕ್ರಿಯೆಯೇ. ಮತ್ತೆ ಮಾತ್ರೆ ನುಂಗಿದಾಗ ಆ ಎಚ್ಚರ ಮಾಯವಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಇದಕ್ಕೆ ವೈದ್ಯಕೀಯದಲ್ಲಿ ರಿಬೌಂಡ್ ನಿದ್ರಾಹೀನತೆ ಎಂಬ ಹೆಸರಿದೆ. ಅಮೆರಿಕದ ನಿದ್ರಾ ಸಂಶೋಧಕ ಆಂಥನಿ ಕೇಲ್ಸ್ ಮತ್ತು ಅವರ ಸಹೋದ್ಯೋಗಿಗಳು 1978ರಲ್ಲಿ ಇದನ್ನು ಒಂದು ಪ್ರತ್ಯೇಕ ಸ್ಥಿತಿಯೆಂದು ಗುರುತಿಸಿ ವಿವರಿಸಿದರು. ಬೆಂಜೊಡಯಾಜೆಪಿನ್ ಗುಂಪಿನ ಕೆಲವು ಮಾತ್ರೆಗಳನ್ನು ಅಲ್ಪಕಾಲ ಮಾತ್ರ, ಅದೂ ರಾತ್ರಿಗೊಂದರಂತೆ ತೆಗೆದುಕೊಂಡವರಲ್ಲಿ ಸಹ, ನಿಲ್ಲಿಸಿದ ಮೇಲಿನ ನಿದ್ರೆಯು ಮಾತ್ರೆ ಆರಂಭಿಸುವ ಮೊದಲಿದ್ದ ಸ್ಥಿತಿಗಿಂತಲೂ ಕೆಳಗಿಳಿಯುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. 'ಮೊದಲಿಗಿಂತಲೂ ಕೆಟ್ಟದ್ದು' ಎಂಬ ಈ ಅಂಶವೇ ರಿಬೌಂಡಿನ ಮುಖ್ಯ ಲಕ್ಷಣ. ನೀವು ಬರೆದ ಸಾಲಿನಲ್ಲಿಯೂ ಅದೇ ಇದೆ.

ಹೀಗಾಗುವುದು ಏಕೆ ಎಂದು ತಿಳಿಯಲು ಮಾತ್ರೆಯು ಮಿದುಳಿನಲ್ಲಿ ಮಾಡುವ ಕೆಲಸವನ್ನು ಸ್ವಲ್ಪ ನೋಡಬೇಕು. ನಮ್ಮ ಮಿದುಳಿನಲ್ಲಿ ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವ ಮುಖ್ಯ ರಾಸಾಯನಿಕ ಗಾಬಾ. ಇದು ನರಕೋಶದ ಮೇಲಿರುವ ಗಾಬಾ-ಎ ಎಂಬ ಗ್ರಾಹಕಕ್ಕೆ ಅಂಟಿಕೊಂಡಾಗ ಅಲ್ಲಿನ ಒಂದು ಸೂಕ್ಷ್ಮ ದ್ವಾರ ತೆರೆದು ಕ್ಲೋರೈಡ್ ಅಯಾನುಗಳು ಒಳಹೋಗುತ್ತವೆ, ನರಕೋಶ ಶಾಂತವಾಗುತ್ತದೆ. ಜೋಲ್ಪಿಡೆಮ್ ಆಗಲಿ, ಅಲ್ಪ್ರಜೋಲಾಮ್, ಲೊರಾಜೆಪಾಮ್, ಕ್ಲೊನಾಜೆಪಾಮ್‌ನಂಥ ಬೆಂಜೊಡಯಾಜೆಪಿನ್‌ಗಳಾಗಲಿ ಈ ದ್ವಾರವನ್ನು ತಾವಾಗಿ ತೆರೆಯುವುದಿಲ್ಲ. ಅದೇ ಗ್ರಾಹಕದ ಮತ್ತೊಂದು ಮೂಲೆಯಲ್ಲಿ ಕುಳಿತು ಗಾಬಾದ ಪ್ರಭಾವವನ್ನು ಹೆಚ್ಚಿಸುತ್ತವೆ. ಆದ್ದರಿಂದ ಮಾತ್ರೆ ತಂದುಕೊಡುವ ನಿದ್ರೆ ನಿಮ್ಮದೇ ಮಿದುಳಿನ ಶಾಂತಗೊಳಿಸುವ ವ್ಯವಸ್ಥೆಯನ್ನು ಹೊರಗಿನಿಂದ ಬಲಪಡಿಸಿ ಪಡೆದ ನಿದ್ರೆ.

ಪ್ರತಿ ರಾತ್ರಿ, ತಿಂಗಳುಗಟ್ಟಲೆ, ಹೀಗೆ ಹೊರಗಿನ ಬಲ ಬರುತ್ತಿದ್ದರೆ ಮಿದುಳು ಸುಮ್ಮನಿರುವುದಿಲ್ಲ. ಗ್ರಾಹಕಗಳ ಸಂವೇದನೆ ಕುಗ್ಗುತ್ತದೆ, ಔಷಧ ಕೂರುವ ಜಾಗಕ್ಕೂ ಗಾಬಾ ಕೂರುವ ಜಾಗಕ್ಕೂ ಇರುವ ಹೊಂದಾಣಿಕೆ ಸಡಿಲವಾಗುತ್ತದೆ, ಎಚ್ಚರಿಸುವ ಗ್ಲುಟಮೇಟ್ ವ್ಯವಸ್ಥೆ ತುಸು ಚುರುಕಾಗುತ್ತದೆ. ಒಟ್ಟಿನಲ್ಲಿ ಮಾತ್ರೆಯ ಎಳೆತಕ್ಕೆ ಎದುರಾಗಿ ಮಿದುಳು ತನ್ನ ಕಡೆಯಿಂದ ಎಳೆದು ಸಮತೋಲ ಕಾಯ್ದುಕೊಳ್ಳುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಪಕ್ಷ ಹಠಾತ್ತನೆ ಹಗ್ಗ ಬಿಟ್ಟರೆ ಇನ್ನೊಂದು ಪಕ್ಷ ಹಿಂದಕ್ಕೆ ಬೀಳುವ ಹಾಗೆ, ಮಾತ್ರೆ ಒಂದೇ ರಾತ್ರಿಯಲ್ಲಿ ಇಲ್ಲವಾದಾಗ ಎದುರಿನ ಎಳೆತವೊಂದೇ ಉಳಿಯುತ್ತದೆ. ಔಷಧ ರಕ್ತದಿಂದ ಖಾಲಿಯಾಗಲು ಗಂಟೆಗಳು ಸಾಕು. ಗ್ರಾಹಕಗಳು ಹಳೆಯ ಸ್ಥಿತಿಗೆ ಮರಳಲು ದಿನಗಳೂ ವಾರಗಳೂ ಬೇಕು. ಈ ಎರಡು ಕಾಲಮಾನಗಳ ನಡುವಣ ಅಂತರದಲ್ಲಿಯೇ ರಿಬೌಂಡ್ ನಿದ್ರಾಹೀನತೆ ಹುಟ್ಟುತ್ತದೆ, ಮತ್ತು ಪ್ರಮಾಣವನ್ನು ನಿಧಾನವಾಗಿ ಇಳಿಸುವ ಸಲಹೆಯ ಹಿಂದಿರುವ ತರ್ಕವೂ ಇಷ್ಟೇ: ಔಷಧ ಕಡಿಮೆಯಾಗುವ ವೇಗವನ್ನು ಗ್ರಾಹಕಗಳು ಚೇತರಿಸಿಕೊಳ್ಳುವ ವೇಗಕ್ಕೆ ಹೊಂದಿಸುವುದು.

ರಿಬೌಂಡ್ ಯಾವಾಗ ಬರುತ್ತದೆ ಎಂಬುದು ಮಾತ್ರೆಯ ಅರ್ಧಾಯುಷ್ಯವನ್ನು, ಎಂದರೆ ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ತೆಗೆದುಕೊಳ್ಳುವ ಕಾಲವನ್ನು, ಅವಲಂಬಿಸಿದೆ. ಜೋಲ್ಪಿಡೆಮ್‌ಗೆ ಇದು ಸುಮಾರು ಎರಡೂವರೆ ಗಂಟೆ. ರಾತ್ರಿ ಹತ್ತಕ್ಕೆ ನುಂಗಿದ ಮಾತ್ರೆಯ ಬಹುಪಾಲು ಬೆಳಗಿನ ಹೊತ್ತಿಗೆ ಹೊರಟುಹೋಗಿರುತ್ತದೆ, ಆದ್ದರಿಂದ ಮಾತ್ರೆ ತಪ್ಪಿದ ಮೊದಲ ರಾತ್ರಿಯೇ ರಿಬೌಂಡ್ ಎದುರಾಗುತ್ತದೆ. ಸಾಮಾನ್ಯವಾಗಿ ಮೊದಲ ಒಂದೆರಡು ರಾತ್ರಿಗಳಲ್ಲಿ ಅದು ತೀವ್ರವಾಗಿದ್ದು ನಂತರ ಇಳಿಯತೊಡಗುತ್ತದೆ. ಕ್ಲೊನಾಜೆಪಾಮ್‌ನ ಅರ್ಧಾಯುಷ್ಯ 30ರಿಂದ 40 ಗಂಟೆ. ಅದನ್ನು ನಿಲ್ಲಿಸಿದವರು ಮೊದಲ ಎರಡು ರಾತ್ರಿ ಚೆನ್ನಾಗಿಯೇ ಮಲಗಿ, ಬಿಟ್ಟೇಬಿಟ್ಟೆ ಎಂದು ಸಂತೋಷಪಟ್ಟು, ಕೆಲವು ದಿನ ಕಳೆದ ಮೇಲೆ ನಿದ್ರೆ ಕೆಟ್ಟಾಗ ಅದಕ್ಕೂ ಮಾತ್ರೆಗೂ ಸಂಬಂಧವಿದೆ ಎಂದು ಊಹಿಸಲಾರದೆ ಹೋಗುತ್ತಾರೆ. ನಿಮ್ಮ ಎರಡು ರಾತ್ರಿಗಳ ಲೆಕ್ಕ ಜೋಲ್ಪಿಡೆಮ್‌ನ ನಡವಳಿಕೆಗೆ ಸರಿಯಾಗಿ ಹೊಂದುತ್ತದೆ. ವಿಪರ್ಯಾಸವೆಂದರೆ, ಇಳಿಜಾರು ಶುರುವಾಗುವ ಹೊತ್ತಿಗೇ ನೀವು ಮಾತ್ರೆಗೆ ಮರಳಿದಿರಿ. ಹಾಗಾಗಿ ಅದು ತಾನಾಗಿಯೇ ಇಳಿಯುವುದನ್ನು ನೋಡುವ ಅವಕಾಶ ನಿಮಗೆ ಸಿಗಲಿಲ್ಲ.

ಇನ್ನೊಂದು ಸಂಗತಿಯನ್ನು ರೋಗಿಗಳಿಗೆ ಯಾರೂ ಹೇಳುವುದಿಲ್ಲ, ಹೇಳಬೇಕಾದದ್ದು. ಈ ಗುಂಪಿನ ಔಷಧಗಳು ನಿದ್ರೆ ತರುವುದರ ಜೊತೆಗೆ ಹೊಸ ನೆನಪುಗಳು ಕೂಡದಂತೆ ತಡೆಯುತ್ತವೆ. ರಾತ್ರಿಯಲ್ಲಿ ಎಲ್ಲರೂ ಹಲವು ಬಾರಿ ಸಣ್ಣಗೆ ಎಚ್ಚರಗೊಳ್ಳುತ್ತಾರೆ. ಮಾತ್ರೆಯ ಪ್ರಭಾವದಲ್ಲಿದ್ದಾಗ ಆ ಎಚ್ಚರಗಳು ನೆನಪಿನಲ್ಲಿ ಉಳಿಯುವುದಿಲ್ಲ, ಬೆಳಿಗ್ಗೆ 'ಒಂದೇ ನಿದ್ರೆ' ಎನಿಸುತ್ತದೆ. ಮಾತ್ರೆ ನಿಂತಾಗ ಅವೇ ಎಚ್ಚರಗಳು ಒಂದೊಂದಾಗಿ ನೆನಪಿನಲ್ಲಿ ದಾಖಲಾಗುತ್ತವೆ. ಹೀಗಾಗಿ ಮಾತ್ರೆಯ ರಾತ್ರಿಗೂ ಮಾತ್ರೆಯಿಲ್ಲದ ರಾತ್ರಿಗೂ ಇರುವ ನಿಜವಾದ ವ್ಯತ್ಯಾಸಕ್ಕಿಂತ ನಮಗೆ ಅನಿಸುವ ವ್ಯತ್ಯಾಸ ದೊಡ್ಡದು. ಜೋಲ್ಪಿಡೆಮ್ ಮತ್ತು ಅದರ ಸೋದರ ಔಷಧಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಔಷಧವಿಲ್ಲದ ಹುಸಿ ಮಾತ್ರೆಗೆ ಹೋಲಿಸಿದರೆ ಇವು ನಿದ್ರೆ ಹತ್ತುವ ಸಮಯವನ್ನು ಯಂತ್ರದ ಅಳತೆಯಲ್ಲಿ ಕಡಿಮೆ ಮಾಡಿದ್ದು ಸರಾಸರಿ 22 ನಿಮಿಷ. ಇದನ್ನು ಅಲ್ಲಗಳೆಯಬೇಕಿಲ್ಲ, ಆದರೆ ಎರಡು ವರ್ಷದ ನಂತರವೂ ಮಾತ್ರೆಯೊಂದೇ ನಿಮ್ಮನ್ನು ಮಲಗಿಸುತ್ತಿದೆ ಎಂಬ ನಂಬಿಕೆಗೆ ಇದು ಆಧಾರವಾಗುವುದೂ ಇಲ್ಲ.

ಮಾತ್ರೆ ಬಿಟ್ಟ ಮೇಲೆ ಬರುವ ತೊಂದರೆ ಮೂರು ಬಗೆಯದಾಗಿರಬಹುದು, ಅವನ್ನು ಬೇರ್ಪಡಿಸಿ ನೋಡುವುದು ಅಗತ್ಯ. ರಿಬೌಂಡ್ ಆದರೆ ನಿದ್ರೆ ಹಠಾತ್ತನೆ ಕೆಡುತ್ತದೆ, ಹಿಂದಿಗಿಂತ ಹೆಚ್ಚು ಕೆಡುತ್ತದೆ, ಕೆಲವು ರಾತ್ರಿಗಳಲ್ಲಿ ತಾನಾಗಿ ತಗ್ಗುತ್ತದೆ. ಮೂಲ ನಿದ್ರಾಹೀನತೆಯ ಮರುಕಳಿಕೆಯಾದರೆ ಅದು ಮೆಲ್ಲನೆ, ವಾರಗಳ ಅವಧಿಯಲ್ಲಿ ಮರಳುತ್ತದೆ. ಹಳೆಯ ಮಟ್ಟದಲ್ಲಿಯೇ ನಿಲ್ಲುತ್ತದೆ. ದಿನ ಕಳೆದಂತೆ ತಗ್ಗುವುದಿಲ್ಲ. ಮೂರನೆಯದು ವಿತ್‌ಡ್ರಾವಲ್, ಎಂದರೆ ಔಷಧ ನಿಂತದ್ದಕ್ಕೆ ಇಡೀ ದೇಹ ತೋರುವ ಪ್ರತಿಕ್ರಿಯೆ: ಕೈ ನಡುಕ, ಬೆವರು, ಎದೆಬಡಿತ, ಹಗಲಿನಲ್ಲಿಯೂ ಬಿಡದ ಆತಂಕ, ಬೆಳಕು ಮತ್ತು ಸದ್ದನ್ನು ಸಹಿಸಲಾಗದಿರುವುದು ಮುಂತಾದ, ಮಾತ್ರೆ ಆರಂಭಿಸುವ ಮೊದಲು ಎಂದೂ ಇರದಿದ್ದ ಹೊಸ ಲಕ್ಷಣಗಳು. ಬೆಂಜೊಡಯಾಜೆಪಿನ್ ಬಿಟ್ಟವರಲ್ಲಿ ಕನಸು ಕಾಣುವ ಹಂತದ ನಿದ್ರೆ ಒಮ್ಮೆಲೇ ಹೆಚ್ಚಾಗಿ ಕೆಲವು ರಾತ್ರಿ ಬಹಳ ಸ್ಪಷ್ಟವಾದ, ಕೆಲವೊಮ್ಮೆ ಭಯಾನಕವಾದ ಕನಸುಗಳು ಬೀಳುವುದುಂಟು; ಅದು ಹೆದರಬೇಕಾದ ವಿಷಯವಲ್ಲ.

ಇನ್ನು ಒಮ್ಮೆಲೇ ಬಿಟ್ಟರೆ ಏನು ಎಂಬುದಕ್ಕೆ ಬರುತ್ತೇನೆ. ಕೆಲವೇ ದಿನ ಅಥವಾ ಒಂದೆರಡು ವಾರ ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡವರು ಹಾಗೆ ಬಿಟ್ಟರೆ ಬಹುತೇಕ ಏನೂ ಆಗುವುದಿಲ್ಲ. ಎರಡು ವರ್ಷ ಪ್ರತಿ ರಾತ್ರಿ ತೆಗೆದುಕೊಂಡವರ ವಿಷಯ ಬೇರೆ, ಮತ್ತು ಇಲ್ಲಿ ಎರಡು ಅಪಾಯಗಳಿವೆ. ಮೊದಲನೆಯದು ಅಪರೂಪದ್ದಾದರೂ ಗಂಭೀರ. ದೀರ್ಘಕಾಲ ಅಥವಾ ಹೆಚ್ಚಿನ ಪ್ರಮಾಣದಲ್ಲಿ ಈ ಔಷಧಗಳನ್ನು ತೆಗೆದುಕೊಂಡು ಹಠಾತ್ತನೆ ನಿಲ್ಲಿಸಿದವರಲ್ಲಿ ಫಿಟ್ಸ್, ಗೊಂದಲ, ಇಲ್ಲದ್ದು ಕಾಣಿಸುವುದು ಸಂಭವಿಸಿದೆ. ಬೆಂಜೊಡಯಾಜೆಪಿನ್‌ಗಳಲ್ಲಿ ಈ ಅಪಾಯ ಹೆಚ್ಚು, ನಿಗದಿತ ಪ್ರಮಾಣಕ್ಕಿಂತ ಬಹಳ ಹೆಚ್ಚು ಜೋಲ್ಪಿಡೆಮ್ ತೆಗೆದುಕೊಳ್ಳುತ್ತಿದ್ದವರಲ್ಲಿಯೂ ಇದು ವರದಿಯಾಗಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರಲ್ಲಿ ಎಲ್ಲ ಬೆಂಜೊಡಯಾಜೆಪಿನ್‌ಗಳ ಮೇಲೆ ಅವಲಂಬನೆ ಮತ್ತು ವಿತ್‌ಡ್ರಾವಲ್ ಕುರಿತು ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ಆದೇಶಿಸಿದ್ದು ಇದಕ್ಕೇ. 10 ಮಿಲಿಗ್ರಾಂ ಜೋಲ್ಪಿಡೆಮ್ ಮಾತ್ರ ತೆಗೆದುಕೊಳ್ಳುವ, ಬೇರೆ ಕಾಯಿಲೆಗಳಿಲ್ಲದ ವ್ಯಕ್ತಿಯಲ್ಲಿ ಫಿಟ್ಸ್ ಬರುವ ಸಾಧ್ಯತೆ ತೀರ ಕಡಿಮೆ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅನಗತ್ಯ ಭಯ ಹುಟ್ಟಿಸಿದಂತಾಗುತ್ತದೆ.

ಎರಡನೆಯ ಅಪಾಯವೇ ನಿಮ್ಮ ವಿಷಯದಲ್ಲಿ ನಿಜವಾದದ್ದು, ಅದು ಈಗಾಗಲೇ ನಡೆದೂ ಹೋಗಿದೆ. ಹಠಾತ್ತನೆ ಬಿಟ್ಟು, ರಿಬೌಂಡ್ ಅನುಭವಿಸಿ, ಮಾತ್ರೆಗೆ ಮರಳಿದ ಪ್ರತಿ ಸಲವೂ 'ಇದಿಲ್ಲದೆ ನನಗೆ ಆಗದು' ಎಂಬ ನಂಬಿಕೆ ಬಲವಾಗುತ್ತದೆ. ಮುಂದಿನ ಸಲ ಬಿಡುವಾಗ ಆ ನಂಬಿಕೆಯೇ ಹಾಸಿಗೆಯಲ್ಲಿ ಎದೆಬಡಿತ ಹೆಚ್ಚಿಸಿ, ಬಾರದ ನಿದ್ರೆಗೆ ಮತ್ತೊಂದು ಕಾರಣವಾಗುತ್ತದೆ. ವರ್ಷಗಟ್ಟಲೆ ಮಾತ್ರೆ ಮುಂದುವರಿಸಿದವರಲ್ಲಿ ಹಲವರು ಮೂಲ ಕಾಯಿಲೆಗಿಂತ ಈ ಚಕ್ರದಲ್ಲಿಯೇ ಸಿಕ್ಕಿಕೊಂಡವರು ಎಂಬುದು ನನ್ನ ಅಭಿಪ್ರಾಯ. ಎರಡರಿಂದ ನಾಲ್ಕು ವಾರಗಳಿಗೆಂದು ಇರುವ ಔಷಧವನ್ನು ಬರೆದುಕೊಡುವ ದಿನವೇ ನಿಲ್ಲಿಸುವ ದಿನವನ್ನೂ ಬರೆದುಕೊಡುವ ರೂಢಿ ನಮ್ಮ ವೃತ್ತಿಯಲ್ಲಿ ಬೆಳೆಯದಿರುವುದರ ಫಲ ಇದು.

ಈಗ ನಿಧಾನವಾಗಿ ಇಳಿಸುವ ಕ್ರಮ. ಇದರಲ್ಲಿ ಹೆಚ್ಚಿನವರು ಎಡವುವ ಒಂದು ಜಾಗವಿದೆ, ಅದನ್ನು ಲೆಕ್ಕ ಮಾಡಿಯೇ ನೋಡೋಣ. ಔಷಧದ ಪ್ರಮಾಣಕ್ಕೂ ಗ್ರಾಹಕದ ಮೇಲೆ ಅದು ಬೀರುವ ಪ್ರಭಾವಕ್ಕೂ ಇರುವ ಸಂಬಂಧ ನೇರ ಗೆರೆಯಲ್ಲ. ಮೊದಲ ಕೆಲವು ಮಿಲಿಗ್ರಾಂಗಳು ಬಹಳಷ್ಟು ಗ್ರಾಹಕಗಳನ್ನು ತುಂಬಿಬಿಡುತ್ತವೆ, ನಂತರದವು ಉಳಿದ ಸ್ವಲ್ಪವನ್ನು ತುಂಬುತ್ತವೆ. ಉದಾಹರಣೆಗಾಗಿ, 5 ಮಿಲಿಗ್ರಾಂ ಎಂದರೆ ಗ್ರಾಹಕಗಳ ಅರ್ಧ ಭಾಗ ತುಂಬುತ್ತದೆ ಎಂದು ಇಟ್ಟುಕೊಳ್ಳಿ. ಇದು ಅಳೆದ ಅಂಕಿಯಲ್ಲ, ಲೆಕ್ಕದ ಅನುಕೂಲಕ್ಕೆ ತೆಗೆದುಕೊಂಡದ್ದು. ಆಗ 10 ಮಿಲಿಗ್ರಾಂ ತುಂಬುವುದು ಶೇ. 100 ಅಲ್ಲ, ಸುಮಾರು ಶೇ. 67 ಮಾತ್ರ. 7.5ಕ್ಕೆ ಶೇ. 60, 5ಕ್ಕೆ ಶೇ. 50, 2.5ಕ್ಕೆ ಶೇ. 33. ಅಂದರೆ 10ರಿಂದ 7.5ಕ್ಕೆ ಇಳಿದಾಗ ಮಿದುಳು ಕಳೆದುಕೊಳ್ಳುವುದು 7 ಅಂಶ, ಆದರೆ 2.5ರಿಂದ ಸೊನ್ನೆಗೆ ಇಳಿದಾಗ ಕಳೆದುಕೊಳ್ಳುವುದು 33 ಅಂಶ. ಕತ್ತರಿಸಿದ ತುಂಡು ಎರಡು ಬಾರಿಯೂ ಒಂದೇ ಗಾತ್ರದ್ದು. ಏಟು ಮಾತ್ರ ಸುಮಾರು ಐದು ಪಟ್ಟು. ಮೊದಲ ಹೆಜ್ಜೆಗಳು ಸಲೀಸಾಗಿ ಸಾಗಿದವೆಂದು ಹುರುಪಿನಿಂದ ಕೊನೆಯ ಅರ್ಧ ಮಾತ್ರೆಯನ್ನು ಹಾಗೆಯೇ ಬಿಟ್ಟು ಬೀಳುವವರು ಬೀಳುವುದು ಇಲ್ಲಿಯೇ. ಆದ್ದರಿಂದ ಹೆಜ್ಜೆಗಳು ಕೊನೆಕೊನೆಗೆ ಚಿಕ್ಕದಾಗಬೇಕು.

2018ರಲ್ಲಿ ಕೆನಡಾದಲ್ಲಿ ಪ್ರಕಟವಾದ ಮಾರ್ಗಸೂಚಿಯೊಂದು ನಿದ್ರಾಹೀನತೆಗೆಂದು ಈ ಔಷಧಗಳನ್ನು ತೆಗೆದುಕೊಳ್ಳುವವರಿಗೆ ಹೇಳುವುದೂ ಇದನ್ನೇ: ಎರಡು ವಾರಕ್ಕೊಮ್ಮೆ ಸುಮಾರು ಶೇ. 25ರಷ್ಟು ಇಳಿಸಿ, ಕೊನೆಯ ಭಾಗದಲ್ಲಿ ಸಾಧ್ಯವಾದರೆ ಶೇ. 12.5ರಷ್ಟು ಇಳಿಸಿ. ನಿಮ್ಮ 10 ಮಿಲಿಗ್ರಾಂಗೆ ಇದನ್ನು ಅನ್ವಯಿಸಿದರೆ ಹೀಗಾಗುತ್ತದೆ. ವೈದ್ಯರಿಂದ 5 ಮಿಲಿಗ್ರಾಂ ಮಾತ್ರೆಗಳನ್ನು ಬರೆಸಿಕೊಳ್ಳಿ, ಏಕೆಂದರೆ ಚಿಕ್ಕ ಮಾತ್ರೆಯಿಂದ ಚಿಕ್ಕ ಹೆಜ್ಜೆಗಳನ್ನು ಕತ್ತರಿಸುವುದು ಸುಲಭ. ಮೊದಲ ಎರಡು ವಾರ ಒಂದೂವರೆ ಮಾತ್ರೆ, ಎಂದರೆ 7.5 ಮಿಲಿಗ್ರಾಂ. ಮೂರು ಮತ್ತು ನಾಲ್ಕನೇ ವಾರ ಒಂದು ಮಾತ್ರೆ. ಇಲ್ಲಿಂದ ಹೆಜ್ಜೆ ಅರ್ಧವಾಗುತ್ತದೆ: ಐದು ಮತ್ತು ಆರನೇ ವಾರ ಮುಕ್ಕಾಲು ಮಾತ್ರೆ (3.75), ಏಳು ಮತ್ತು ಎಂಟನೇ ವಾರ ಅರ್ಧ (2.5), ಒಂಬತ್ತು ಮತ್ತು ಹತ್ತನೇ ವಾರ ಕಾಲು (1.25). ಹನ್ನೊಂದನೇ ವಾರದಿಂದ ಏನೂ ಇಲ್ಲ. ಹಿಂದಿನ ಉದಾಹರಣೆಯ ಲೆಕ್ಕದಲ್ಲಿ ನೋಡಿದರೆ, ಒಮ್ಮೆಲೇ ಬಿಟ್ಟಾಗ ಒಂದೇ ರಾತ್ರಿಗೆ ಬಿದ್ದ 67 ಅಂಶಗಳ ಏಟು ಇಲ್ಲಿ ಆರು ಭಾಗವಾಗಿ ಹಂಚಿಹೋಗುತ್ತದೆ, ಅವುಗಳಲ್ಲಿ ಅತಿ ದೊಡ್ಡದು ಕೊನೆಯದು, ಅದೂ 20 ಅಂಶ.

ಕಾಲು ಮಾತ್ರೆ ಎಂದರೆ ನಿಖರವಾಗಿ ಕಾಲು ಆಗುವುದಿಲ್ಲ, ಚೂರು ಹೆಚ್ಚು ಕಡಿಮೆ ಆಗಿಯೇ ಆಗುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಮಾತ್ರೆ ಕತ್ತರಿಸುವ ಸಾಧನವನ್ನು ಬಳಸಿ, ಒಂದು ಮಾತ್ರೆಯ ತುಂಡುಗಳನ್ನು ಸಾಲಾಗಿ ಒಂದಾದ ಮೇಲೊಂದು ರಾತ್ರಿ ತೆಗೆದುಕೊಂಡರೆ ಏರುಪೇರು ಸರಿದೂಗುತ್ತದೆ. ಆದರೆ ಒಂದು ಮಾತನ್ನು ಮರೆಯಬಾರದು: ಜೋಲ್ಪಿಡೆಮ್ ನಿಧಾನವಾಗಿ ಬಿಡುಗಡೆಯಾಗುವ ರೂಪದಲ್ಲಿಯೂ ಬರುತ್ತದೆ, ಸಾಮಾನ್ಯವಾಗಿ 6.25 ಅಥವಾ 12.5 ಮಿಲಿಗ್ರಾಂ ಎಂಬ ಅಂಕಿಯೊಂದಿಗೆ. ಅದನ್ನು ಕತ್ತರಿಸಿದರೆ ಇಡೀ ರಾತ್ರಿ ಹರಡಿಕೊಳ್ಳಬೇಕಾದ ಔಷಧ ಒಮ್ಮೆಲೇ ಹೊರಬರುತ್ತದೆ. ನಿಮ್ಮದು ಆ ರೂಪದ್ದಾಗಿದ್ದರೆ ಮೊದಲು ಸಾಮಾನ್ಯ ಮಾತ್ರೆಗೆ ಬದಲಾಯಿಸಿಕೊಂಡು ನಂತರ ಇಳಿಸಬೇಕು.

ಪ್ರತಿ ಹೆಜ್ಜೆಯ ನಂತರವೂ ಎರಡು ಮೂರು ರಾತ್ರಿ ನಿದ್ರೆ ಸ್ವಲ್ಪ ಕೆಡುವುದನ್ನು ನಿರೀಕ್ಷಿಸಿಯೇ ಹೊರಡಬೇಕು. ನಿಧಾನವಾಗಿ ಇಳಿಸುವುದರಿಂದ ರಿಬೌಂಡ್ ಪೂರ್ತಿ ಇಲ್ಲವಾಗುತ್ತದೆ ಎಂದು ಯಾರಾದರೂ ಹೇಳಿದರೆ ಅದು ಅತಿಶಯೋಕ್ತಿ. ಅದು ಸಹಿಸಬಲ್ಲಷ್ಟು ಚಿಕ್ಕದಾಗುತ್ತದೆ, ಅಷ್ಟೇ. ಆದ್ದರಿಂದ ಇಳಿಸಿದ ದಿನದಿಂದ ಐದಾರು ರಾತ್ರಿ ಕಳೆಯುವ ತನಕ ಆ ಹೆಜ್ಜೆಯ ಬಗ್ಗೆ ತೀರ್ಪು ಕೊಡಬೇಡಿ. ಎರಡನೇ ವಾರ ಮುಗಿಯುವ ಹೊತ್ತಿಗೆ ನಿದ್ರೆ ಹಿಂದಿನ ಹಂತದ ಸಮೀಪಕ್ಕೆ ಬಂದಿದ್ದರೆ ಮುಂದಿನ ಹೆಜ್ಜೆ. ಬಂದಿಲ್ಲದಿದ್ದರೆ ಅಲ್ಲಿಯೇ ಇನ್ನೂ ಒಂದೆರಡು ವಾರ ನಿಲ್ಲಿ. ಹಗಲಿನ ಕೆಲಸವೇ ನಡೆಯದಷ್ಟು ತೊಂದರೆಯಾದರೆ ಹಿಂದಿನ ಪ್ರಮಾಣಕ್ಕೆ ಒಂದು ಹೆಜ್ಜೆ ಮಾತ್ರ ಮರಳಿ, ನೆಲೆಗೊಂಡ ಮೇಲೆ ಹೆಜ್ಜೆಯನ್ನು ಅರ್ಧ ಮಾಡಿ ಮತ್ತೆ ಇಳಿಯಿರಿ. 10 ಮಿಲಿಗ್ರಾಂಗೆ ಓಡಿಹೋಗುವ ಅಗತ್ಯವಿಲ್ಲ. ಹತ್ತು ವಾರದ ಕೆಲಸ ಹದಿನಾರು ವಾರ ಹಿಡಿದರೆ ಯಾವ ನಷ್ಟವೂ ಇಲ್ಲ. ಕೊನೆಯ ಕಾಲು ಮಾತ್ರೆಯಲ್ಲಿ ಒಂದು ತಿಂಗಳು ಕಳೆಯುವವರೂ ಇದ್ದಾರೆ.

ಇದನ್ನೆಲ್ಲ ನೆನಪಿನ ಮೇಲೆ ನಡೆಸಬಾರದು, ಏಕೆಂದರೆ ಕೆಟ್ಟ ರಾತ್ರಿಗಳು ನೆನಪಿನಲ್ಲಿ ದೊಡ್ಡದಾಗಿ ಉಳಿಯುತ್ತವೆ. ಇಳಿಸಲು ಆರಂಭಿಸುವ ಎರಡು ವಾರ ಮೊದಲೇ ಒಂದು ನಿದ್ರಾ ದಿನಚರಿ ಬರೆಯತೊಡಗಿ: ಹಾಸಿಗೆಗೆ ಹೋದ ಸಮಯ, ನಿದ್ರೆ ಹತ್ತಲು ಅಂದಾಜು ಎಷ್ಟು ಹೊತ್ತಾಯಿತು, ಎಷ್ಟು ಬಾರಿ ಎಚ್ಚರವಾಯಿತು, ಎದ್ದ ಸಮಯ, ತೆಗೆದುಕೊಂಡ ಪ್ರಮಾಣ. ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಿಂದಲೇ ಬರೆಯಬೇಕು, ರಾತ್ರಿ ಗಡಿಯಾರ ನೋಡಿಕೊಂಡು ಅಲ್ಲ. ಉದಾಹರಣೆಗೆ 5ರಿಂದ 3.75ಕ್ಕೆ ಇಳಿದ ವಾರ ನಿದ್ರೆ ಐದೂವರೆ ಗಂಟೆಗೆ ಇಳಿದು, ಮುಂದಿನ ವಾರ ಮತ್ತೆ ಆರೂಕಾಲಕ್ಕೆ ಬಂದಿರುವುದು ಹಾಳೆಯ ಮೇಲೆ ಕಂಡರೆ, ಅದು ರಿಬೌಂಡ್ ಎಂಬುದಕ್ಕೆ ಬೇರೆ ಪುರಾವೆ ಬೇಕಾಗುವುದಿಲ್ಲ. ಇಳಿದದ್ದು ವಾರ ಕಳೆದಂತೆ ಇನ್ನೂ ಇಳಿಯುತ್ತಲೇ ಹೋದರೆ ಬೇರೆ ಏನೋ ಇದೆ ಎಂದು ಯೋಚಿಸಬೇಕು.

ಇಳಿಸುವ ಕಾಲದಲ್ಲಿ ಹಾಸಿಗೆಯ ಅಭ್ಯಾಸವನ್ನೂ ಬದಲಾಯಿಸಿದವರಿಗೆ ಫಲ ಎದ್ದುಕಾಣುವಷ್ಟು ಹೆಚ್ಚು. 2003ರಲ್ಲಿ ಕೆನಡಾದ ಒಂದು ಪ್ರಯೋಗದಲ್ಲಿ ಬಹುಕಾಲದಿಂದ ಬೆಂಜೊಡಯಾಜೆಪಿನ್ ತೆಗೆದುಕೊಳ್ಳುತ್ತಿದ್ದ ಮಧ್ಯವಯಸ್ಕರು ಮತ್ತು ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಧಾನವಾಗಿ ಇಳಿಸುವುದನ್ನು ಮಾತ್ರ, ಇನ್ನೊಂದಕ್ಕೆ ಅದರ ಜೊತೆ ನಿದ್ರಾಹೀನತೆಗೆಂದೇ ಇರುವ ಅರಿವಿನ ಮತ್ತು ವರ್ತನೆಯ ಚಿಕಿತ್ಸೆಯನ್ನೂ ನೀಡಲಾಯಿತು. ಕೊನೆಗೆ ಮಾತ್ರೆ ಪೂರ್ತಿ ಬಿಟ್ಟವರು ಮೊದಲ ಗುಂಪಿನಲ್ಲಿ ಶೇ. 38, ಎರಡನೆಯದರಲ್ಲಿ ಶೇ. 77. ಆ ಚಿಕಿತ್ಸೆಯ ತಿರುಳು ಎರಡು ನಿಯಮಗಳಲ್ಲಿದೆ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಸಮಯ ಬದಲಾಗಬಾರದು. ಹಾಸಿಗೆಯಲ್ಲಿ ಕಳೆಯುವ ಒಟ್ಟು ಸಮಯ ದಿನಚರಿಯಲ್ಲಿ ಕಂಡ ಸರಾಸರಿ ನಿದ್ರೆಗಿಂತ ಸುಮಾರು ಅರ್ಧ ಗಂಟೆಯಷ್ಟು ಮಾತ್ರ ಹೆಚ್ಚಿರಬೇಕು, ಆದರೆ ಐದೂವರೆ ಗಂಟೆಗಿಂತ ಕಡಿಮೆಯಾಗಬಾರದು. ಮಾತ್ರೆ ಇಳಿಸುವವರು ಸಹಜವಾಗಿ ಮಾಡುವುದು ಇದಕ್ಕೆ ತದ್ವಿರುದ್ಧ: ನಿನ್ನೆ ನಿದ್ರೆ ಕೆಟ್ಟಿತೆಂದು ಇಂದು ಒಂಬತ್ತಕ್ಕೇ ಮಲಗುವುದು, ಮಧ್ಯಾಹ್ನ ಎರಡು ಗಂಟೆ ನಿದ್ರಿಸುವುದು. ಆಗ ರಾತ್ರಿಯ ಹೊತ್ತಿಗೆ ನಿದ್ರೆಯ ಒತ್ತಡವೇ ಉಳಿದಿರುವುದಿಲ್ಲ, ದೂರು ಮಾತ್ರ ಇಳಿಸಿದ ಮಾತ್ರೆಯ ಮೇಲೆ ಬೀಳುತ್ತದೆ.

ದಿನ ಬಿಟ್ಟು ದಿನ ಮಾತ್ರೆ ತೆಗೆದುಕೊಂಡು ಬಿಡುತ್ತೇನೆ ಎಂಬ ಯೋಜನೆ ಬಹಳ ಜನಪ್ರಿಯ. ಜೋಲ್ಪಿಡೆಮ್‌ನಂಥ ಬೇಗ ಖಾಲಿಯಾಗುವ ಔಷಧಕ್ಕೆ, ಪೂರ್ಣ ಪ್ರಮಾಣದಲ್ಲಿರುವಾಗ, ಇದನ್ನು ನಾನು ಸಲಹೆ ಮಾಡುವುದಿಲ್ಲ. ಅದು ಹಠಾತ್ ನಿಲುಗಡೆಯನ್ನು ವಾರಕ್ಕೆ ಮೂರು ಬಾರಿ ಅನುಭವಿಸಿದಂತೆ, ಮೇಲಾಗಿ ಮಾತ್ರೆಯ ರಾತ್ರಿ ಒಳ್ಳೆಯದು, ಇಲ್ಲದ ರಾತ್ರಿ ಕೆಟ್ಟದ್ದು ಎಂಬ ಪಾಠ ಮತ್ತೆ ಮತ್ತೆ ಮನಸ್ಸಿಗೆ ಬರೆದಂತೆ. ಕಾಲು ಮಾತ್ರೆಯ ಹಂತ ತಲುಪಿದ ಮೇಲೆ, ಮೊದಲೇ ಗುರುತು ಹಾಕಿದ ರಾತ್ರಿಗಳಲ್ಲಿ ಬಿಡುವುದು ಬೇರೆ ಮಾತು, ಅದಕ್ಕೆ ಅಡ್ಡಿಯಿಲ್ಲ. ಅದೇ ರೀತಿ 'ನಿದ್ರೆ ಬಾರದಿದ್ದರೆ ಮಾತ್ರ ಇನ್ನೊಂದು ತುಂಡು' ಎಂಬ ಒಪ್ಪಂದವನ್ನು ನಿಮ್ಮೊಂದಿಗೆ ನೀವು ಮಾಡಿಕೊಳ್ಳಬೇಡಿ. ನಡುರಾತ್ರಿ ಆ ನಿರ್ಧಾರ ತೆಗೆದುಕೊಳ್ಳಬೇಕಾಗಿ ಬರುವುದೇ ಎಚ್ಚರವನ್ನು ಹೆಚ್ಚಿಸುತ್ತದೆ. ಪ್ರಮಾಣ ಹಗಲಿನಲ್ಲಿಯೇ ನಿಗದಿಯಾಗಿರಲಿ. ಕಡಿಮೆಯಾದ ಮಾತ್ರೆಯ ಜಾಗಕ್ಕೆ ಮದ್ಯವನ್ನು ತರುವುದು ಅತ್ಯಂತ ಕೆಟ್ಟ ಆಯ್ಕೆ, ಅದು ಇದೇ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ, ಉಳಿದಿರುವ ಮಾತ್ರೆಯೊಂದಿಗೆ ಸೇರಿ ಉಸಿರಾಟವನ್ನು ಕುಗ್ಗಿಸಬಲ್ಲದು, ಮತ್ತು ರಾತ್ರಿಯ ಎರಡನೇ ಅರ್ಧದಲ್ಲಿ ತನ್ನದೇ ಆದ ರಿಬೌಂಡ್ ತರುತ್ತದೆ. ಅಲರ್ಜಿ ಮಾತ್ರೆ ನುಂಗಿ ಮಲಗುವುದೂ ಒಂದು ಅವಲಂಬನೆಯ ಬದಲು ಇನ್ನೊಂದು ಅಷ್ಟೆ.

ಇಲ್ಲಿ ಕೊಟ್ಟ ವೇಳಾಪಟ್ಟಿ ಜೋಲ್ಪಿಡೆಮ್ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೆಗೆದುಕೊಳ್ಳುವ, ಬೇರೆ ದೊಡ್ಡ ಕಾಯಿಲೆಗಳಿಲ್ಲದ ವಯಸ್ಕರಿಗೆ, ಅದೂ ಮಾತ್ರೆ ಬರೆದ ವೈದ್ಯರ ಗಮನಕ್ಕೆ ತಂದ ಮೇಲೆ. ಅಲ್ಪ್ರಜೋಲಾಮ್, ಲೊರಾಜೆಪಾಮ್, ಕ್ಲೊನಾಜೆಪಾಮ್ ತೆಗೆದುಕೊಳ್ಳುವವರು ಇದನ್ನು ನಕಲು ಮಾಡಬಾರದು. ಅವುಗಳಿಗೆ ಅಮೆರಿಕದ ತಜ್ಞ ಸಂಘಗಳು 2025ರಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿ ಇನ್ನೂ ನಿಧಾನವಾದ ಗತಿಯನ್ನು ಹೇಳುತ್ತದೆ: ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಶೇ. 5ರಿಂದ 10ರಷ್ಟು ಇಳಿಸುವುದರಿಂದ ಆರಂಭಿಸಬೇಕು, ಯಾವ ಕಾರಣಕ್ಕೂ ಎರಡು ವಾರಕ್ಕೆ ಶೇ. 25 ಮೀರಬಾರದು. ಹಿಂದೆ ಫಿಟ್ಸ್ ಬಂದಿದ್ದವರು, ಮದ್ಯದ ಅವಲಂಬನೆ ಇರುವವರು, ಗರ್ಭಿಣಿಯರು, ನಿಗದಿಗಿಂತ ಹೆಚ್ಚು ಮಾತ್ರೆ ನುಂಗುತ್ತಿದ್ದವರು ಸ್ವತಃ ಒಂದು ತುಂಡನ್ನೂ ಕಡಿಮೆ ಮಾಡದೆ ಮೊದಲು ವೈದ್ಯರನ್ನು ಕಾಣಬೇಕು. ಕೆಲವರಿಗೆ ಆಸ್ಪತ್ರೆಯಲ್ಲಿದ್ದುಕೊಂಡೇ ಇಳಿಸಬೇಕಾಗುತ್ತದೆ. ಯಾವ ಹಂತದಲ್ಲಾಗಲಿ ಫಿಟ್ಸ್, ದಿಕ್ಕು ತೋಚದ ಗೊಂದಲ, ಇಲ್ಲದ್ದು ಕಾಣಿಸುವುದು ಅಥವಾ ಕೇಳಿಸುವುದು, ನಿಲ್ಲದ ನಡುಕದೊಂದಿಗೆ ಜ್ವರ, ಬದುಕು ಬೇಡವೆಂಬ ಯೋಚನೆ ಕಾಣಿಸಿಕೊಂಡರೆ ಬೆಳಗಾಗಲೆಂದು ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ನಿಮ್ಮ ಕಾಯಿಲೆ ವಾಸಿಯಾಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಸೊನ್ನೆ ತಲುಪಿ ನಾಲ್ಕು ವಾರಗಳಾದ ಮೇಲೆ, ದಿನಚರಿಯ ಕೊನೆಯ ಎರಡು ವಾರಗಳನ್ನು ಓದಿದಾಗ. ಸಾವಿನ ದುಃಖದಲ್ಲಿ ಆರಂಭವಾದ ನಿದ್ರಾಹೀನತೆ ದುಃಖ ತಿಳಿಯಾದಂತೆ ತಾನೂ ಹೋಗಿರುವ ಸಂಭವ ಚೆನ್ನಾಗಿಯೇ ಇದೆ. ಆಗಲೂ ವಾರಕ್ಕೆ ಮೂರು ಅಥವಾ ಹೆಚ್ಚು ರಾತ್ರಿ ನಿದ್ರೆ ಬಾರದೆ ಹಗಲು ಕೆಡುತ್ತಿದ್ದರೆ, ಅದಕ್ಕೆ ಮಾತ್ರೆಗೆ ಮರಳುವ ಮೊದಲು ಕಾರಣ ಹುಡುಕಬೇಕು: ಗೊರಕೆಯೊಂದಿಗೆ ಉಸಿರು ನಿಲ್ಲುವ ಸ್ಲೀಪ್ ಆ್ಯಪ್ನಿಯಾ, ಸಂಜೆಯಾದರೆ ಕಾಲುಗಳಲ್ಲಿ ಚಡಪಡಿಕೆ, ಥೈರಾಯ್ಡ್ ಏರುಪೇರು, ಗುರುತಿಸದೆ ಉಳಿದ ಖಿನ್ನತೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಚಿಕಿತ್ಸೆಯಿದೆ, ಮತ್ತು ಜೋಲ್ಪಿಡೆಮ್ ಅವುಗಳಲ್ಲಿ ಯಾವುದಕ್ಕೂ ಚಿಕಿತ್ಸೆಯಲ್ಲ.